ಮಾಲಿಗೆ ವಿಮಾ ಅದ, ಪಗಾರಕ್ಕ ಏನದ?

ನಮ್ಮ ಭಾಗದಲ್ಲಿ ಯಾರದಾದರೂ ಅಂಗಡಿಗೆ ಬೆಂಕಿ ಹತ್ತಿದರೆ ಮರುದಿನ ಚಹದಂಗಡಿ ಮುಂದೆ ಮೊದಲು ಕೇಳಿಬರುವ ಮಾತು ಒಂದೇ: "ವಿಮಾ ಇತ್ತೇನಪಾ?" ಇತ್ತು ಎಂದು ಗೊತ್ತಾದ ಕೂಡಲೇ ಎಲ್ಲರಿಗೂ ಸಮಾಧಾನ. "ಹಂಗಾದ್ರ ಚಿಂತಿ ಇಲ್ಲ ಬಿಡು, ಎಲ್ಲಾ ಬರ್ತದ" ಅನ್ನುತ್ತಾರೆ. ನನ್ನ ತಕರಾರು ಇರುವುದು ಈ "ಎಲ್ಲಾ ಬರ್ತದ" ಎಂಬ ಮಾತಿನ ಮೇಲೆ. ಎಲ್ಲಾ ಬರುವುದಿಲ್ಲ. ಸುಟ್ಟ ಸೀರೆಯ ಖರೀದಿ ಬೆಲೆ ಬರುತ್ತದೆ, ಸುಟ್ಟ ಕಪಾಟಿನ ಬೆಲೆ ಬರುತ್ತದೆ, ಅದೂ ವಿಮೆಯ ಮೊತ್ತ ಸರಿಯಾಗಿ ಹಾಕಿದ್ದರೆ. ಅಂಗಡಿ ಮುಚ್ಚಿ ಕುಳಿತ ತಿಂಗಳುಗಳ ಬೆಲೆ ಬರುವುದಿಲ್ಲ. ಆ ತಿಂಗಳುಗಳಲ್ಲೂ ಬಾಡಿಗೆ ನಿಲ್ಲುವುದಿಲ್ಲ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ, ಕೆಲಸದ ಹುಡುಗರ ಮನೆಯ ಒಲೆಯೂ ನಿಲ್ಲುವ ಹಾಗಿಲ್ಲ.

ನಾನು ಅಕ್ಕಲಕೋಟ, ಸೊಲ್ಲಾಪುರದ ಅಂಗಡಿಗಳ ಕಿರ್ದಿ ಖಾತೆ ಬರೆದು ಬದುಕಿದವ. ಬೆಂಕಿ ಬಿದ್ದ ಅಂಗಡಿಗಳ ಕಾಗದಪತ್ರ ಜೋಡಿಸಿ ಸರ್ವೇಯರ್ ಮುಂದೆ ಕುಳಿತದ್ದೂ ಉಂಟು. ಅಲ್ಲಿ ಕಂಡದ್ದು ಇಷ್ಟು: ಬೆಂಕಿಯಿಂದ ಅಂಗಡಿ ಹಾಳಾಗುವುದು ಒಂದು ರಾತ್ರಿಯಲ್ಲಿ, ಅಂಗಡಿಕಾರ ಹಾಳಾಗುವುದು ಅದರ ನಂತರದ ಆರು ತಿಂಗಳಲ್ಲಿ. ಈ ಎರಡನೆಯ ಹಾಳಿಗೂ ವಿಮೆ ಉಂಟು. ಅದನ್ನು ನಮ್ಮವರಿಗೆ ಯಾರೂ ಹೇಳುವುದಿಲ್ಲ, ನಮ್ಮವರೂ ಕೇಳುವುದಿಲ್ಲ.

ಯಾಕೆ ಹೇಳುವುದಿಲ್ಲ ಎಂಬುದನ್ನೇ ಮೊದಲು ನೋಡೋಣ. ನಮ್ಮ ಕಡೆ ಅಂಗಡಿಯ ವಿಮೆ ಬಹುತೇಕ ಬ್ಯಾಂಕಿನ ಒತ್ತಾಯದಿಂದ ಹುಟ್ಟಿದ್ದು. ಬ್ಯಾಂಕು ಮಾಲಿನ ಮೇಲೆ ಸಾಲ ಕೊಡುತ್ತದೆ, ಮಾಲು ಅದಕ್ಕೆ ಅಡವು. ಮಾಲು ಸುಟ್ಟರೆ ತನ್ನ ಸಾಲ ಹೋಗುತ್ತದೆಂದು ಮಾಲಿಗೆ ವಿಮೆ ಮಾಡಿಸುತ್ತದೆ, ಕಂತನ್ನು ನಿಮ್ಮ ಖಾತೆಯಿಂದಲೇ ಕಡಿದುಕೊಳ್ಳುತ್ತದೆ. ಆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಬರೆದಿರುತ್ತದೆ. ಬಂದ ಪರಿಹಾರ ಮೊದಲು ಬ್ಯಾಂಕಿಗೆ ಹೋಗಬೇಕು ಎಂಬ ಷರತ್ತು ಇರುತ್ತದೆ. ಬ್ಯಾಂಕು ತನ್ನ ಹಿತ ನೋಡಿಕೊಂಡದ್ದು ತಪ್ಪಲ್ಲ. ಆದರೆ ಬ್ಯಾಂಕು ತನ್ನ ಸಾಲಕ್ಕೆ ಮಾಡಿಸಿದ ವಿಮೆಯನ್ನು "ನನ್ನ ಅಂಗಡಿಯ ವಿಮೆ" ಎಂದು ನಂಬಿ ಕುಳಿತುಕೊಳ್ಳುತ್ತೀರಲ್ಲ, ಅದು ತಪ್ಪು.

ಸಣ್ಣ ಅಂಗಡಿಗಳಿಗೆ ಈಗ ಕೊಡುವ ಬೆಂಕಿ ವಿಮೆಯ ಹೆಸರು ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಒಂದು ಜಾಗದಲ್ಲಿರುವ ಕಟ್ಟಡ, ಸಾಮಾನು, ಮಾಲು ಎಲ್ಲಾ ಸೇರಿ ಬೆಲೆ 5 ಕೋಟಿ ರೂಪಾಯಿ ಮೀರದ ವ್ಯವಹಾರಗಳಿಗೆ 2021ರ ಏಪ್ರಿಲ್ 1ರಿಂದ ಇದು ಬಂದಿದೆ. ಒಳ್ಳೆಯ ಪಾಲಿಸಿಯೇ. ಆದರೆ ಅದರಲ್ಲಿ 'ಯಾವುದಕ್ಕೆ ಪರಿಹಾರ ಇಲ್ಲ' ಎಂಬ ಪಟ್ಟಿ ಒಂದಿದೆ. ಗಳಿಕೆಯ ನಷ್ಟ, ತಡವಾದದ್ದರಿಂದ ಆದ ನಷ್ಟ, ಮಾರುಕಟ್ಟೆ ಕಳೆದುಕೊಂಡ ನಷ್ಟ ಇವು ಆ ಪಟ್ಟಿಯಲ್ಲಿವೆ. ಪಾಲಿಸಿ ಇಂಗ್ಲಿಷಿನಲ್ಲಿ ಇರುತ್ತದೆ, ಏಜೆಂಟರು ಮರಾಠಿಯಲ್ಲಿ ವಿವರಿಸುತ್ತಾರೆ, ನಾವು ಕನ್ನಡದಲ್ಲಿ ತಲೆಯಾಡಿಸಿ ಸಹಿ ಹಾಕುತ್ತೇವೆ. ಮೂರು ಭಾಷೆ ದಾಟಿ ಬರುವಷ್ಟರಲ್ಲಿ ಆ ಪಟ್ಟಿ ಎಲ್ಲೋ ಉದುರಿಹೋಗಿರುತ್ತದೆ.

ಗಳಿಕೆಯ ನಷ್ಟಕ್ಕೆ ಬೇರೆ ಪಾಲಿಸಿ ತೆಗೆದುಕೊಳ್ಳಬೇಕು. ವಿಮಾ ಕಚೇರಿಯಲ್ಲಿ ಅದನ್ನು 'ಫೈರ್ ಲಾಸ್ ಆಫ್ ಪ್ರಾಫಿಟ್' ಅನ್ನುತ್ತಾರೆ, ಕೆಲವರು 'ಬಿಸಿನೆಸ್ ಇಂಟರಪ್ಷನ್' ಅನ್ನುತ್ತಾರೆ. ನಾನು ಇಲ್ಲಿ ಲಾಭನಷ್ಟದ ವಿಮೆ ಎಂದು ಕರೆಯುತ್ತೇನೆ. ಆದರೆ ಈ 'ಲಾಭ' ಎಂಬ ಶಬ್ದವೇ ನಮ್ಮವರ ಕಣ್ಣಿಗೆ ಮಣ್ಣು ಹಾಕುತ್ತದೆ. ಯಾಕೆಂದು ಒಂದು ಲೆಕ್ಕ ಹಿಡಿದು ಹೇಳುತ್ತೇನೆ. ಅಂಕಿ ತಿಳಿಯಲು ಸುಲಭವಾಗಲೆಂದು ನಾನೇ ಜೋಡಿಸಿದ್ದು. ಆದರೆ ನಮ್ಮ ತಾಲೂಕಿನ ಪೇಟೆಯಲ್ಲಿ ಇಂಥ ಅಂಗಡಿಗಳು ಬೇಕಾದಷ್ಟಿವೆ.

ಒಂದು ಬಟ್ಟೆ ಅಂಗಡಿ. ವರ್ಷದ ಮಾರಾಟ 60 ಲಕ್ಷ. ಆ ಮಾಲು ತಂದ ಖರ್ಚು, ಹಮಾಲಿ ಸಾಗಣೆ ಸೇರಿ, 48 ಲಕ್ಷ. ಉಳಿದದ್ದು 12 ಲಕ್ಷ. ಇದರಲ್ಲಿ ನಾಲ್ಕು ಮಂದಿ ಕೆಲಸಗಾರರಿಗೆ ತಿಂಗಳಿಗೆ ತಲಾ 10 ಸಾವಿರದಂತೆ ವರ್ಷಕ್ಕೆ 4 ಲಕ್ಷ 80 ಸಾವಿರ ಪಗಾರ. ತಿಂಗಳಿಗೆ 15 ಸಾವಿರದಂತೆ ಬಾಡಿಗೆ 1 ಲಕ್ಷ 80 ಸಾವಿರ. ಬ್ಯಾಂಕಿನ ಬಡ್ಡಿ 1 ಲಕ್ಷ 20 ಸಾವಿರ. ಲೈಟ್ ಬಿಲ್ಲು, ಫೋನು, ಲೈಸೆನ್ಸು, ಲೆಕ್ಕ ಬರೆಯುವವರ ಸಂಬಳ ಎಲ್ಲಾ ಸೇರಿ 60 ಸಾವಿರ. ಒಟ್ಟು ಖರ್ಚು 8 ಲಕ್ಷ 40 ಸಾವಿರ. ಕೊನೆಗೆ ಮಾಲೀಕರ ಕೈಯಲ್ಲಿ ಉಳಿಯುವುದು 3 ಲಕ್ಷ 60 ಸಾವಿರ.

ಈಗ ಇವರನ್ನು ಕೇಳಿ: "ಸಾವಕಾರ್ರ, ನಿಮ್ಮ ಲಾಭ ಎಷ್ಟು?" ಅವರು "ಮೂರೂವರಿ ಲಕ್ಷದ ಮ್ಯಾಲ ಸ್ವಲ್ಪ" ಅನ್ನುತ್ತಾರೆ. ಹಾಗಾದರೆ ಲಾಭನಷ್ಟದ ವಿಮೆ ಎಷ್ಟಕ್ಕೆ ಮಾಡಿಸಬೇಕು? ಅವರು ಮೂರೂವರೆ ಲಕ್ಷಕ್ಕೆ ಅನ್ನುತ್ತಾರೆ. ಅಲ್ಲಿಯೇ ಕೆಟ್ಟಿತು. ಅಂಗಡಿ ಮುಚ್ಚಿದರೆ ಹೋಗುವುದು ಮೂರೂವರೆ ಲಕ್ಷವಲ್ಲ. ಮಾಲು ಮಾರದಿದ್ದರೆ ಮಾಲು ತರುವ ಖರ್ಚು ನಿಲ್ಲುತ್ತದೆ, ಅದು ಸರಿ. ಆದರೆ ಪಗಾರ, ಬಾಡಿಗೆ, ಬಡ್ಡಿ ನಿಲ್ಲುವುದಿಲ್ಲ. ಮಾರಾಟ ಇದ್ದರೂ ಇಲ್ಲದಿದ್ದರೂ ನಿಂತೇ ಇರುವ ಖರ್ಚು ಇವು. ವಿಮೆಯವರು ಇವನ್ನು 'ಸ್ಟ್ಯಾಂಡಿಂಗ್ ಚಾರ್ಜಸ್' ಅನ್ನುತ್ತಾರೆ, ನಾವು ನಿಂತ ಖರ್ಚು ಅನ್ನೋಣ. ಈ ಪಾಲಿಸಿಯಲ್ಲಿ 'ಗ್ರಾಸ್ ಪ್ರಾಫಿಟ್' ಎಂದರೆ ಕೈಗೆ ಉಳಿಯುವ ಲಾಭ ಮತ್ತು ಪಾಲಿಸಿಯಲ್ಲಿ ಹೆಸರಿಸಿದ ನಿಂತ ಖರ್ಚು, ಎರಡೂ ಸೇರಿದ್ದು. ಇಲ್ಲಿ 3 ಲಕ್ಷ 60 ಸಾವಿರಕ್ಕೆ 8 ಲಕ್ಷ 40 ಸಾವಿರ ಕೂಡಿಸಿದರೆ 12 ಲಕ್ಷ. ವಿಮೆ ಮಾಡಿಸಬೇಕಾದದ್ದು 12 ಲಕ್ಷಕ್ಕೆ. 60 ಲಕ್ಷ ಮಾರಾಟಕ್ಕೆ 12 ಲಕ್ಷ, ಅಂದರೆ ನೂರಕ್ಕೆ 20. ಈ 20ನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲಾ ಲೆಕ್ಕ ಇದರ ಮೇಲೆಯೇ ನಿಲ್ಲುತ್ತದೆ.

ಇಲ್ಲಿ 'ಹೆಸರಿಸಿದ' ಎಂಬ ಶಬ್ದ ಮುಖ್ಯ. ಪಗಾರ, ಬಾಡಿಗೆ, ಬಡ್ಡಿ ಎಂದು ಒಂದೊಂದನ್ನೂ ಪಾಲಿಸಿಯಲ್ಲಿ ಬರೆಯಿಸಬೇಕು. ಬರೆಯಿಸದ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಏನನ್ನೂ ಬರೆಯಿಸದೆ ಬರೀ ಲಾಭಕ್ಕೆ ವಿಮೆ ಮಾಡಿಸಿದರೆ ಕಂಪನಿ ನೂರಕ್ಕೆ 20ರ ಬದಲು ನೂರಕ್ಕೆ 6 ಹಿಡಿಯುತ್ತದೆ. ಕಂತು ಕಡಿಮೆಯಾಯಿತು ಎಂದು ಖುಷಿಪಟ್ಟವರಿಗೆ ಹತ್ತು ರೂಪಾಯಿ ಬರುವಲ್ಲಿ ಮೂರು ರೂಪಾಯಿ ಬರುತ್ತದೆ.

ಈಗ ಈ ಅಂಗಡಿಗೆ ಬೆಂಕಿ ಬಿತ್ತು ಎನ್ನಿ. ಆಗಸ್ಟ್ 31ರ ರಾತ್ರಿ. ಮುಂದೆ ದಸರಾ, ದೀಪಾವಳಿ ಇವೆ. ದೀಪಾವಳಿಗೆಂದು ತಂದ ಮಾಲೆಲ್ಲಾ ಹೋಯಿತು, ಮೇಲಿನ ಮಾಳಿಗೆ ಬಿರಿಯಿತು. ಸೆಪ್ಟೆಂಬರ್, ಅಕ್ಟೋಬರ್ ಪೂರಾ ಬಂದ್. ನವೆಂಬರಿನಿಂದ ಬಾಜೂ ಓಣಿಯಲ್ಲಿ ಸಣ್ಣ ಜಾಗ ಹಿಡಿದು ಸ್ವಲ್ಪ ಮಾಲು ಹಾಕಿಕೊಂಡು ಕುಳಿತರು. ಮಾರ್ಚಿಗೆ ಹಳೆಯ ಜಾಗ ರಿಪೇರಿಯಾಗಿ ಅಂಗಡಿ ತೆರೆಯಿತು. ಗಿರಾಕಿಗಳು ಕೂಡಲೇ ಮರಳಲಿಲ್ಲ, ಮೇ ತಿಂಗಳ ಮದುವೆ ಹಂಗಾಮಿಗೆ ವ್ಯಾಪಾರ ಮೊದಲಿನಂತೆ ಆಯಿತು.

ಕಂಪನಿ ನಷ್ಟ ಅಳೆಯುವುದು ಹೀಗೆ. ಹಿಂದಿನ ವರ್ಷ ಇದೇ ತಿಂಗಳುಗಳಲ್ಲಿ, ಅಂದರೆ ಸೆಪ್ಟೆಂಬರಿನಿಂದ ಮೇ ತನಕ, ಮಾರಾಟ ಎಷ್ಟಿತ್ತು? 51 ಲಕ್ಷ ಎನ್ನಿ. ಜೂನ್, ಜುಲೈ, ಆಗಸ್ಟ್ ಮೂರೂ ಸೇರಿ ಬರೀ 9 ಲಕ್ಷ, ಮಳೆಗಾಲದಲ್ಲಿ ಬಟ್ಟೆ ಕೊಳ್ಳುವವರು ಕಡಿಮೆ. ಈ ವರ್ಷ ಸಣ್ಣ ಜಾಗದಲ್ಲಿ ನಾಲ್ಕು ತಿಂಗಳಿಗೆ 10 ಲಕ್ಷ, ಮಾರ್ಚಿನಿಂದ ಮೇ ತನಕ 18 ಲಕ್ಷ, ಒಟ್ಟು 28 ಲಕ್ಷ ಆಯಿತು. ಕಡಿಮೆಯಾದ ಮಾರಾಟ 23 ಲಕ್ಷ. ಅದರ ನೂರಕ್ಕೆ 20 ಅಂದರೆ 4 ಲಕ್ಷ 60 ಸಾವಿರ. ಇದು ಮೊದಲ ಅಂಕಿ.

ಇದಕ್ಕೆ ಕೂಡಿಸುವುದು ಒಂದುಂಟು. ಸಣ್ಣ ಜಾಗಕ್ಕೆ ತಿಂಗಳಿಗೆ 12 ಸಾವಿರದಂತೆ ನಾಲ್ಕು ತಿಂಗಳಿಗೆ 48 ಸಾವಿರ ಬಾಡಿಗೆ ಕೊಟ್ಟರು. ಬೋರ್ಡು, ಸಾಗಣೆ, ಊರೂರಿಗೆ ರಿಕ್ಷಾದಲ್ಲಿ ಸಾರಿದ ಖರ್ಚು 22 ಸಾವಿರ. ಒಟ್ಟು 70 ಸಾವಿರ. ಮಾರಾಟ ಬೀಳದಂತೆ ತಡೆಯಲು ಮಾಡಿದ ಇಂಥ ಹೆಚ್ಚಿನ ಖರ್ಚನ್ನು ಕಂಪನಿ ಕೊಡುತ್ತದೆ. ಆದರೆ ಮಿತಿ ಒಂದಿದೆ: ಆ ಖರ್ಚಿನಿಂದ ಉಳಿದ ಮಾರಾಟದ ನೂರಕ್ಕೆ 20ನ್ನು ಅದು ಮೀರಬಾರದು. ಇಲ್ಲಿ ಉಳಿದ ಮಾರಾಟ 10 ಲಕ್ಷ, ಅದರ ನೂರಕ್ಕೆ 20 ಅಂದರೆ 2 ಲಕ್ಷ. 70 ಸಾವಿರ ಅದರೊಳಗೇ ಇದೆ, ಪೂರಾ ಸಿಗುತ್ತದೆ.

ಕಳೆಯುವುದೂ ಉಂಟು. ಜಾಗದ ಮಾಲೀಕರು ಆರು ತಿಂಗಳ ಬಾಡಿಗೆ ಬಿಟ್ಟುಕೊಟ್ಟರು, 90 ಸಾವಿರ ಉಳಿಯಿತು. ಕೆಲಸದವರಲ್ಲಿ ಒಬ್ಬರು ಅಂಗಡಿ ಮುಚ್ಚಿದೆ ಎಂದು ಬೇರೆ ಕಡೆ ಕೆಲಸ ಹಿಡಿದು ಹೋದರು, ನಾಲ್ಕು ತಿಂಗಳ ಪಗಾರ 40 ಸಾವಿರ ಉಳಿಯಿತು. ನಿಂತ ಖರ್ಚಿನಲ್ಲಿ ಬೆಂಕಿಯ ಕಾರಣಕ್ಕೆ ಉಳಿದದ್ದನ್ನು ಕಂಪನಿ ಕಡಿದುಕೊಳ್ಳುತ್ತದೆ. ಒಟ್ಟು 1 ಲಕ್ಷ 30 ಸಾವಿರ. ಕೊನೆಯ ಲೆಕ್ಕ: 4 ಲಕ್ಷ 60 ಸಾವಿರಕ್ಕೆ 70 ಸಾವಿರ ಕೂಡಿಸಿ 1 ಲಕ್ಷ 30 ಸಾವಿರ ಕಳೆದರೆ 4 ಲಕ್ಷ. ಮೊದಲ ಕೆಲವು ದಿನಗಳ ನಷ್ಟ ನೀವೇ ಹೊರಬೇಕು ಎಂಬ ಷರತ್ತು ಪಾಲಿಸಿಯಲ್ಲಿ ಇದ್ದರೆ ಅಷ್ಟು ಮತ್ತೆ ಕಡಿತವಾಗುತ್ತದೆ. ಎಷ್ಟು ದಿನ ಎಂಬುದನ್ನು ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳಬೇಕು.

ಈ 4 ಲಕ್ಷ ಪೂರಾ ಬರುವುದು 12 ಲಕ್ಷಕ್ಕೆ ವಿಮೆ ಮಾಡಿಸಿದವರಿಗೆ ಮಾತ್ರ. "ಅರ್ಧಕ್ಕ ಮಾಡಿಸೀನಿ, 6 ಲಕ್ಷಕ್ಕ. ನಷ್ಟ ಆಗಿದ್ದು 4 ಲಕ್ಷ, 6ರ ಒಳಗ ಅದಲಾ, ಪೂರಾ ಕೊಡ್ರಿ" ಎಂದು ಕೇಳಿದರೆ ನಡೆಯುವುದಿಲ್ಲ. ಇರಬೇಕಾದ ಮೊತ್ತದ ಅರ್ಧಕ್ಕೆ ವಿಮೆ ಇದ್ದರೆ ನಷ್ಟದ ಅರ್ಧ ಮಾತ್ರ ಸಿಗುತ್ತದೆ, 2 ಲಕ್ಷ. ಉಳಿದರ್ಧಕ್ಕೆ ನೀವೇ ನಿಮ್ಮ ವಿಮಾ ಕಂಪನಿ ಎಂದು ಅರ್ಥ.

ಇನ್ನು ಕಾಲದ ಮಾತು. ಎಷ್ಟು ತಿಂಗಳ ತನಕದ ನಷ್ಟ ಕೊಡಬೇಕು ಎಂಬುದನ್ನು ಪಾಲಿಸಿ ಮಾಡಿಸುವಾಗ ನೀವೇ ಆರಿಸಬೇಕು. ಕಂತು ಉಳಿಸಲು ಮೂರು ತಿಂಗಳು ಬರೆಯಿಸುವವರಿದ್ದಾರೆ. ಬೆಂಕಿ ಮೇ ಕೊನೆಗೆ ಬಿದ್ದಿದ್ದರೆ ಈ ಅಂಗಡಿಗೆ ಏನಾಗುತ್ತಿತ್ತು ನೋಡಿ. ಮೂರು ತಿಂಗಳು ಅಂದರೆ ಜೂನ್, ಜುಲೈ, ಆಗಸ್ಟ್. ಆ ಮೂರು ತಿಂಗಳ ಮಾರಾಟವೇ 9 ಲಕ್ಷ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಸಿಗುವುದು 1 ಲಕ್ಷ 80 ಸಾವಿರ. ದಸರೆಯ ಬಾಗಿಲಿಗೆ ಬರುವಷ್ಟರಲ್ಲಿ ವಿಮೆಯ ಕಾಲ ಮುಗಿದಿರುತ್ತದೆ, ಅಂಗಡಿಯ ಮಾಳಿಗೆ ಇನ್ನೂ ಬಿರಿದೇ ಇರುತ್ತದೆ. ಹಂಗಾಮಿನ ಮೇಲೆ ಬದುಕುವ ಅಂಗಡಿಗೆ ಹನ್ನೆರಡು ತಿಂಗಳಿಗಿಂತ ಕಡಿಮೆ ಹಿಡಿಯುವುದು ಉಳಿತಾಯವಲ್ಲ, ಜೂಜು. ಮನೆ ಕಟ್ಟಿಸಿದವರಿಗೆಲ್ಲಾ ಗೊತ್ತು, ಗೌಂಡಿ ಹೇಳಿದ ತಿಂಗಳಿಗೆ ಯಾವ ಕಟ್ಟಡವೂ ಮುಗಿದಿಲ್ಲ.

ಈಗ ನನ್ನ ಜಗಳದ ಮುಖ್ಯ ಭಾಗಕ್ಕೆ ಬರುತ್ತೇನೆ, ಅದು ಪಗಾರ. ಬೆಂಕಿ ಬಿದ್ದ ವಾರದಲ್ಲೇ ಹಿತವರು ಬಂದು ಹೇಳುವ ಬುದ್ಧಿ ಇದು: "ಮೊದಲ ಆಳುಗಳನ್ನ ಬಿಡಸ್ರಿ. ವ್ಯಾಪಾರನ ಇಲ್ಲ, ಕುಂತು ಪಗಾರ ಯಾಕ ಕೊಡ್ತೀರಿ?" ವಿಮೆಯೇ ಇಲ್ಲದವರಿಗೆ ಈ ಮಾತು ಕ್ರೂರವಾದರೂ ಅನಿವಾರ್ಯ ಅನ್ನಿಸಬಹುದು. ಆದರೆ ಪಗಾರವನ್ನು ಹೆಸರಿಸಿ ಲಾಭನಷ್ಟದ ವಿಮೆ ಮಾಡಿಸಿದವರಿಗೆ ಇದು ಮೂರ್ಖತನದ ಮಾತು. ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ. ಬಿಟ್ಟುಹೋದ ಒಬ್ಬರ 40 ಸಾವಿರ ಯಾರಿಗೆ ಉಳಿಯಿತು? ಅಂಗಡಿಕಾರರಿಗಲ್ಲ, ಕಂಪನಿಗೆ. ನಾಲ್ವರನ್ನೂ ಮೊದಲ ದಿನವೇ ಬಿಡಿಸಿದ್ದರೆ ಆರು ತಿಂಗಳಿಗೆ 2 ಲಕ್ಷ 40 ಸಾವಿರ ಪಗಾರ ಉಳಿಯುತ್ತಿತ್ತು, ಅಷ್ಟೂ ಪರಿಹಾರದಿಂದ ಕಡಿತವಾಗುತ್ತಿತ್ತು. ಅಂಗಡಿಕಾರರ ಕೈಗೆ ಒಂದು ಪೈಸೆ ಹೆಚ್ಚು ಬರುತ್ತಿರಲಿಲ್ಲ. ನಾಲ್ಕು ಮನೆಗಳ ಶಾಪ ಮಾತ್ರ ಹೆಚ್ಚಾಗುತ್ತಿತ್ತು.

ಶಾಪದ ಮಾತು ಬಿಡೋಣ, ವ್ಯಾಪಾರದ ಮಾತೇ ಆಡೋಣ. ಬಟ್ಟೆ ಅಂಗಡಿಯಲ್ಲಿ ಹತ್ತು ವರ್ಷ ದುಡಿದವರಿಗೆ ಯಾವ ಹಳ್ಳಿಯ ಯಾವ ಮನೆಯಲ್ಲಿ ಮದುವೆ ಇದೆ, ಯಾರಿಗೆ ಇಳಕಲ್ ಬೇಕು, ಯಾರು ಉದ್ರಿ ತೀರಿಸುವವರು, ಯಾರು ತೀರಿಸದವರು ಎಂಬುದೆಲ್ಲಾ ಬಾಯಿಪಾಠ. ಅವರು ಎದುರಿನ ಅಂಗಡಿಗೆ ಹೋದರೆ ಗಿರಾಕಿಗಳೂ ಅವರ ಹಿಂದೆ ಹೋಗುತ್ತಾರೆ. ಅಂಗಡಿ ಮತ್ತೆ ತೆರೆದಾಗ ಹೊಸ ಹುಡುಗರಿಗೆ ಸೀರೆ ಮಡಚುವುದರಿಂದ ಕಲಿಸಬೇಕು. ಮಾರಾಟ ಮೇಗೆ ಸರಿಯಾಗುವ ಬದಲು ಮುಂದಿನ ದೀಪಾವಳಿಗೆ ಸರಿಯಾಗುತ್ತದೆ, ಅಷ್ಟರಲ್ಲಿ ವಿಮೆಯ ಕಾಲವೂ ಮುಗಿದಿರುತ್ತದೆ. ಆದ್ದರಿಂದ ಕೆಲಸಗಾರರನ್ನು ಉಳಿಸಿಕೊಳ್ಳುವುದು ದಾನವಲ್ಲ, ನಷ್ಟ ತಗ್ಗಿಸುವ ದಾರಿ. ಸರ್ವೇಯರ್ "ಇವರನ್ಯಾಕ ಇಟ್ಕೊಂಡ್ರಿ?" ಎಂದು ಕೇಳಿದರೆ ಇದೇ ಉತ್ತರವನ್ನು ಬರಹದಲ್ಲಿ ಕೊಡಬೇಕು.

ಇಲ್ಲಿ ಒಂದು ಎಚ್ಚರ ಬೇಕು. ಈ ವಿಮೆ ಕೆಲಸಗಾರರ ಕೈಗೆ ನೇರವಾಗಿ ಹಣ ಕೊಡುವುದಿಲ್ಲ, ಹಣ ಬರುವುದು ಮಾಲೀಕರಿಗೆ. ಪಗಾರ ಕೊಟ್ಟದ್ದಕ್ಕೆ ದಾಖಲೆ ಬೇಕು: ಬ್ಯಾಂಕಿನ ಮೂಲಕ ಕೊಟ್ಟಿರಬೇಕು, ಇಲ್ಲವೇ ಸಹಿ ಇರುವ ಪಗಾರ ಪುಸ್ತಕ ಇರಬೇಕು. ಅಂಗಡಿಯಲ್ಲಿ ಪಗಾರವಿಲ್ಲದೆ ಕೂಡುವ ಅಣ್ಣತಮ್ಮಂದಿರು, ಮಕ್ಕಳು ಪಗಾರದ ಲೆಕ್ಕದಲ್ಲಿ ಬರುವುದಿಲ್ಲ. ಅವರ ದುಡಿಮೆ ಲಾಭದೊಳಗೇ ಸೇರಿರುತ್ತದೆ. ಬಾಯಿಮಾತಿನಲ್ಲಿ ದುಡಿಯುವವರು ಬೆಂಕಿಯ ನಂತರ ಯಾವ ಕಾಗದದಲ್ಲೂ ಇರುವುದಿಲ್ಲ. ಇದನ್ನು ಓದುವ ಕೆಲಸಗಾರರು ಇದ್ದರೆ ಅವರಿಗೂ ಹೇಳುತ್ತೇನೆ, ಪಗಾರ ಪುಸ್ತಕದಲ್ಲಿ ನಿಮ್ಮ ಹೆಸರು, ಸಹಿ ಇರುವಂತೆ ನೋಡಿಕೊಳ್ಳಿ.

ಬಾಡಿಗೆಯ ವಿಷಯದಲ್ಲೂ ಬಾಯಿಮಾತೇ ನಮ್ಮನ್ನು ಮುಳುಗಿಸುತ್ತದೆ. ಸುಟ್ಟ ಜಾಗಕ್ಕೆ ಬಾಡಿಗೆ ಕೊಡಬೇಕೋ ಬೇಡವೋ ಎಂಬುದು ಕರಾರಿನ ಮೇಲೆ ನಿಲ್ಲುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬೆಂಕಿಯಿಂದ ಜಾಗ ಪೂರ್ತಿ ನಿರುಪಯೋಗವಾದಾಗ ಬಾಡಿಗೆದಾರರು ಬೇಕಾದರೆ ಕರಾರನ್ನೇ ರದ್ದು ಮಾಡಬಹುದು, ಬೆಂಕಿ ಅವರ ತಪ್ಪಿನಿಂದ ಆಗಿರಬಾರದು ಅಷ್ಟೇ. ಆದರೆ ರದ್ದು ಮಾಡಿದರೆ ಪೇಟೆಯ ನಡುವಿನ ಜಾಗವೇ ಹೋಗುತ್ತದೆ. ಜಾಗ ಉಳಿಸಿಕೊಳ್ಳಲು ಬಾಡಿಗೆ ಕೊಡುತ್ತಾ ಹೋದರೆ ಅದು ನಿಂತ ಖರ್ಚು, ವಿಮೆಯಿಂದ ಬರುತ್ತದೆ. ಮಾಲೀಕರು ಬಿಟ್ಟುಕೊಟ್ಟರೆ ಅಷ್ಟು ಕಡಿತವಾಗುತ್ತದೆ. ಎರಡಕ್ಕೂ ಕಾಗದ ಬೇಕು, ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು ಬರಹದಲ್ಲಿದ್ದು ನೋಂದಣಿಯೂ ಆಗಿರಬೇಕು. ಜಾಗದ ಮಾಲೀಕರಿಗೂ ನಷ್ಟವಾಗುತ್ತದೆಯಲ್ಲ? ಅವರು ತಮ್ಮ ಕಟ್ಟಡದ ಬೆಂಕಿ ವಿಮೆಯಲ್ಲಿ 'ಬಾಡಿಗೆ ನಷ್ಟ' ಎಂಬುದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಹಾಗೆ ಮಾಡಿದರೆ ಅವರೂ ಬಾಡಿಗೆದಾರರ ಕೊರಳು ಹಿಡಿಯಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಎದುರು ಬರುವ ವಾದ ಎರಡು. "ಇದೆಲ್ಲಾ ದೊಡ್ಡ ಕಾರ್ಖಾನಿಗೆ, ನಮಗಲ್ಲ" ಎಂಬುದು ಮೊದಲನೆಯದು. ನಾನು ತಿರುಗಿಸಿ ಹೇಳುತ್ತೇನೆ: ದೊಡ್ಡ ಕಾರ್ಖಾನೆಗೆ ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆ ಮಗ್ಗ ನಡೆಯುತ್ತದೆ, ಕೂಡಿಟ್ಟ ಹಣವೂ ಇರುತ್ತದೆ. ಒಂದೇ ಅಂಗಡಿ, ಒಂದೇ ಗಲ್ಲಾ ಇರುವವರಿಗೆ ಆರು ತಿಂಗಳು ಮುಚ್ಚುವುದೆಂದರೆ ಹೊಲ ಒತ್ತೆ ಇಡುವುದು.

ಎರಡನೆಯದು, "ಕಂಪನಿಯವ್ರು ಏನಾರೆ ನೆಪಾ ಹೇಳಿ ಕೊಡೂದಿಲ್ಲ" ಎಂಬುದು. ಇದರಲ್ಲಿ ಅರ್ಧ ನಿಜವಿದೆ, ಆದರೆ ಆ ನೆಪಗಳಲ್ಲಿ ಬಹಳಷ್ಟನ್ನು ನಾವೇ ಕೈಯಾರೆ ಕೊಡುತ್ತೇವೆ. ದೊಡ್ಡ ನೆಪ ನಮ್ಮ ಕಿರ್ದಿಯಲ್ಲೇ ಇದೆ. ಮಾರಾಟ 60 ಲಕ್ಷ, ಬಿಲ್ಲಿನಲ್ಲಿ ತೋರಿಸಿದ್ದು 30 ಲಕ್ಷ. ತೆರಿಗೆಯ ಮುಂದೆ ಬಡವರಾದವರು ವಿಮೆಯ ಮುಂದೆ ಸಾಹುಕಾರರಾಗಲು ಬರುವುದಿಲ್ಲ. ಸರ್ವೇಯರ್ ನೋಡುವುದು ಜಿಎಸ್‌ಟಿ ರಿಟರ್ನ್, ಬ್ಯಾಂಕಿನ ಖಾತೆ, ಖರೀದಿ ಬಿಲ್ಲು. ಅಲ್ಲಿ ಇಲ್ಲದ ಮಾರಾಟ ಸುಟ್ಟುಹೋಯಿತು ಎಂದು ಎಷ್ಟು ಅತ್ತರೂ ಅವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಕಿರ್ದಿ ಖಾತೆಗಳನ್ನು ಅಂಗಡಿಯಲ್ಲೇ ಇಟ್ಟು ಅವನ್ನೂ ಮಾಲಿನ ಜೊತೆ ಸುಡುವುದು ಇನ್ನೊಂದು. ತಿಂಗಳಿಗೊಮ್ಮೆ ಒಂದು ಪ್ರತಿ ಮನೆಯಲ್ಲಿ ಇಟ್ಟರೆ ಏನು ಗಂಟು ಹೋಗುತ್ತದೆ?

ಇನ್ನೊಂದು ಗಂಟೂ ಇದೆ. ಲಾಭನಷ್ಟದ ವಿಮೆ ಒಂಟಿಯಾಗಿ ನಡೆಯುವುದಿಲ್ಲ. ಸುಟ್ಟ ಸೊತ್ತಿಗೆ ಬೆಂಕಿ ವಿಮೆ ಇದ್ದು, ಆ ಕಂಪನಿ ಪರಿಹಾರ ಕೊಟ್ಟಿರಬೇಕು ಅಥವಾ ಕೊಡಲು ಒಪ್ಪಿರಬೇಕು. ಆಗ ಮಾತ್ರ ಈ ಪಾಲಿಸಿಯ ಬಾಗಿಲು ತೆರೆಯುತ್ತದೆ. ಪಾಲಿಸಿಯಲ್ಲಿ ಹಳೆಯ ಅಂಗಡಿಯ ವಿಳಾಸ, ಮಾಲು ಇದ್ದದ್ದು ಹೊಸ ಗೋದಾಮಿನಲ್ಲಿ ಎಂದಾದರೆ ಮೊದಲ ಪಾಲಿಸಿಯೂ ಹೋಯಿತು, ಎರಡನೆಯದೂ ಹೋಯಿತು. ಮಾಲಿಗೆ ಕಡಿಮೆ ಮೊತ್ತದ ವಿಮೆ ಇದ್ದರೂ ಪೆಟ್ಟು ಎರಡು ಕಡೆ ಬೀಳುತ್ತದೆ. ಮಾಲು ತುಂಬಲು ಹಣ ಸಾಲದೆ ಅಂಗಡಿ ತೆರೆಯುವುದು ತಡವಾಗುತ್ತದೆ, ಹಣವಿಲ್ಲದೆ ಆದ ತಡ ಬೆಂಕಿಯಿಂದ ಆದ ತಡವಲ್ಲ ಎಂದು ಸರ್ವೇಯರ್ ತಕರಾರು ತೆಗೆಯುತ್ತಾರೆ.

ಕಾಗದ ಎಲ್ಲಾ ಸರಿಯಿದ್ದೂ ಕಂಪನಿ ಸತಾಯಿಸಿದರೆ ಸುಮ್ಮನೆ ಕೂಡಬೇಕಾಗಿಲ್ಲ. ಕೆಲಸ ನಡೆದಿರುವಾಗಲೇ ಒಂದು ಭಾಗ ಮುಂಗಡ ಕೊಡಿ ಎಂದು ಬರಹದಲ್ಲಿ ಕೇಳಬಹುದು. ಕೊನೆಗೆ ನಿರಾಕರಿಸಿದರೆ ಮೊದಲು ಕಂಪನಿಗೇ ದೂರು ಬರೆದು, ಅದಕ್ಕೂ ಬಗ್ಗದಿದ್ದರೆ ಒಂದು ವರ್ಷದೊಳಗೆ ಪುಣೆಯಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಒಬ್ಬರೇ ಮಾಲೀಕರಿರುವ ಅಂಗಡಿಗಳ ದೂರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ಖರ್ಚಿಲ್ಲ, ವಕೀಲರೂ ಬೇಕಾಗಿಲ್ಲ.

ಶಾಲೆಯ ಮಾಸ್ತರರಿಗೆ ಒಂದು ಮಾತು. ಲಾಭನಷ್ಟದ ಲೆಕ್ಕವನ್ನು ನೀವು ಮಕ್ಕಳಿಗೆ ಕೊಂಡ ಬೆಲೆ, ಮಾರಿದ ಬೆಲೆ ಎಂದು ಕಲಿಸುತ್ತೀರಿ. ಅದರ ಮುಂದಿನ ಲೆಕ್ಕ ಇದು: ಮಾರದಿದ್ದರೂ ನಿಲ್ಲದ ಖರ್ಚು ಎಷ್ಟು? ಆ ಮಕ್ಕಳಲ್ಲಿ ಅಂಗಡಿಕಾರರ ಮಕ್ಕಳಿದ್ದಾರೆ, ಅಂಗಡಿಯಲ್ಲಿ ದುಡಿಯುವವರ ಮಕ್ಕಳೂ ಇದ್ದಾರೆ. ಒಂದು ಹಾಳೆಯ ಮೇಲೆ ತಮ್ಮ ಓಣಿಯ ಅಂಗಡಿಯ ಲೆಕ್ಕ ಹಾಕಿಸಿ.

ಅಂಗಡಿಕಾರರಿಗೆ ನಾನು ಹೇಳುವುದು ಇಷ್ಟೇ. ಈ ದೀಪಾವಳಿಗೆ ಖಾತೆ ಪೂಜೆ ಮಾಡುವ ಮುಂಚೆ ಅದೇ ಖಾತೆಯನ್ನು ಬಿಚ್ಚಿ ವರ್ಷದ ಮಾರಾಟ, ಮಾಲಿನ ಖರ್ಚು, ನಿಂತ ಖರ್ಚು ಮೂರನ್ನೂ ಬರೆಯಿರಿ. ಮಾರಾಟದಿಂದ ಮಾಲಿನ ಖರ್ಚು ಕಳೆಯಿರಿ. ಉಳಿದ ಆ ಅಂಕಿಯನ್ನು ಹಿಡಿದುಕೊಂಡು ವಿಮಾ ಕಚೇರಿಗೆ ಹೋಗಿ, ಹನ್ನೆರಡು ತಿಂಗಳು ಹಿಡಿಯಿರಿ, ಪಗಾರ, ಬಾಡಿಗೆ, ಬಡ್ಡಿ ಎಂದು ಹೆಸರು ಹೇಳಿ ಬರೆಯಿಸಿ. ಏಜೆಂಟರು "ಮಾಲಿಗೆಲ್ಲಾ ಕವರ್ ಅದ, ಚಿಂತಿ ಮಾಡಬ್ಯಾಡ್ರಿ" ಎಂದರೆ ಅವರನ್ನು ಒಂದೇ ಮಾತು ಕೇಳಿ: "ಮಾಲಿಗೆ ಅದರಿ, ಅಂಗಡಿ ಮುಚ್ಚಿದಾಗ ನನ್ನ ನಾಲ್ಕು ಮಂದಿ ಪಗಾರ ಯಾವ ಪುಟದಾಗ ಅದ, ತೋರಿಸ್ರಿ." ಪುಟ ತೋರಿಸುವ ತನಕ ಸಹಿ ಹಾಕಬೇಡಿ.